ಅಮ್ಮನ ಕೈ ಬೇಡದ ಕೆಲಸ

ಕಳೆದ ದೀಪಾವಳಿಗೆ ತುಮಕೂರಿಗೆ ಹೋದಾಗ ಅಮ್ಮನ ಹೊಲಿಗೆ ಅಂಗಡಿಯ ಕಟಿಂಗ್ ಟೇಬಲ್ ಮೇಲೆ ಒಂದು ಕೊಟೇಶನ್ ಬಿದ್ದಿತ್ತು. ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್, ಅದನ್ನಿಡೋಕೆ ಅಂಗಡಿ ರಿಪೇರಿ, ಎಲ್ಲ ಸೇರಿ 6 ಲಕ್ಷ. ಮಾವ ತಂದುಕೊಟ್ಟಿದ್ದರು. "ಈಗೆಲ್ಲ ಬರೀ ಬ್ಲೌಸ್ ಹೊಲಿದ್ರೆ ಆಗಲ್ಲ ಅಕ್ಕಾ, ಬೊಟಿಕ್ ಮಾಡು" ಅಂದಿದ್ದರಂತೆ. ಅಮ್ಮ ಅರ್ಧ ಒಪ್ಪಿಯೂ ಆಗಿತ್ತು.

ಅಮ್ಮನಿಗೆ 54 ವರ್ಷ. ಇಪ್ಪತ್ತೆರಡು ವರ್ಷದಿಂದ ಅದೇ ಹತ್ತು ಬೈ ಹನ್ನೆರಡರ ಅಂಗಡಿ, ಎರಡು ಮಷಿನ್, ಹೆಮ್ಮಿಂಗ್‌ಗೆ ಬರೋ ಒಬ್ಬ ಹುಡುಗಿ. ತಿಂಗಳಿಗೆ ಎಪ್ಪತ್ತು ಬ್ಲೌಸ್. ಎರಡು ವರ್ಷದಿಂದ ಬಲಗೈ ಮಣಿಕಟ್ಟು ನೋವು. ರೆಡಿಮೇಡ್ ಬ್ಲೌಸ್ ಹಾಕೋ ಹುಡುಗೀರು ಜಾಸ್ತಿಯಾಗಿದ್ದಾರೆ. ಇನ್ನೈದು ವರ್ಷ ಆದ್ಮೇಲೆ ಏನು ಅನ್ನೋ ಭಯದಲ್ಲಿ ಆ ಕೊಟೇಶನ್ ಅಮ್ಮನ ಕಣ್ಣಿಗೆ ದಾರಿಯ ಹಾಗೆ ಕಂಡಿದ್ದು ತಪ್ಪೇನಲ್ಲ.

ನಾನು ಬೆಂಗಳೂರಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೀನಿ. ಬೇರೆಯವರ ಲೆಕ್ಕ ನೋಡೋಳು, ಮನೆಯ ಲೆಕ್ಕ ಒಂದು ದಿನವೂ ನೋಡಿರಲಿಲ್ಲ. ಅವತ್ತು ರಾತ್ರಿ ಕೂತು ಮೊದಲು ಸಾಲದ ಲೆಕ್ಕ ಹಾಕಿದೆ. 6 ಲಕ್ಷ, ಶೇಕಡ 12 ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು ಹೆಚ್ಚುಕಡಿಮೆ 13,350. ವೈಶಾಖದಲ್ಲೂ ಅಷ್ಟೇ, ಮದುವೆಯೇ ಇಲ್ಲದ ಆಷಾಢದಲ್ಲೂ ಅಷ್ಟೇ. ಅದರ ಮೇಲೆ ಮಷಿನ್ ನಡೆಸೋಕೆ ಕಲಿತ ಒಬ್ಬರ ಸಂಬಳ. ಅಮ್ಮನಿಗೆ ಹೇಳಿದೆ, "ಬೇಡ ಅಂತಿಲ್ಲ. ಎರಡು ವಾರ ಟೈಮ್ ಕೊಡಮ್ಮ."

ಆ ಎರಡು ವಾರಕ್ಕೆ ಕೊಟ್ಟಿದ್ದು ಹತ್ತು ರೂಪಾಯಿಯ ಒಂದು ನೋಟ್‌ಬುಕ್. ಗಿರಾಕಿ ಏನಾದರೂ ಕೇಳಿ, ಅಮ್ಮ "ಇಲ್ಲಮ್ಮ, ಅದು ನಾವು ಮಾಡಲ್ಲ" ಅಂದಾಗಲೆಲ್ಲ ಅದರಲ್ಲಿ ಒಂದು ಸಾಲು ಬರೀಬೇಕು. ಏನು ಕೇಳಿದ್ರು, ಯಾವತ್ತಿಗೆ ಬೇಕಿತ್ತು, ಅಷ್ಟೇ. ಅಮ್ಮ ಅದಕ್ಕೆ 'ಇಲ್ಲ ಪುಸ್ತಕ' ಅಂತ ಹೆಸರಿಟ್ಟರು.

ಎರಡು ವಾರದಲ್ಲಿ 61 ಸಾಲು. ನನಗಿಂತ ಅಮ್ಮನಿಗೇ ಆಶ್ಚರ್ಯ. ಸೀರೆಗೆ ಫಾಲ್-ಜಿಗ್‌ಜಾಗ್ ಕೇಳಿದವರು 19 ಜನ, ರೆಡಿಮೇಡ್ ಡ್ರೆಸ್ಸಿನ ಆಲ್ಟರೇಷನ್ 16, ಸೆರಗಿಗೆ ಕುಚ್ಚು 14, ಆರಿ ವರ್ಕ್ 6, ಸೀರೆಗೆ ಮೊದಲೇ ನೆರಿಗೆ ಹಿಡಿದು ಇಸ್ತ್ರಿ ಮಾಡಿಕೊಡೋದು 4, ಮಕ್ಕಳ ಲಂಗ-ಬ್ಲೌಸ್ 2. ಕಂಪ್ಯೂಟರ್ ಎಂಬ್ರಾಯ್ಡರಿ ಅಂತ ಒಬ್ಬರೂ ಕೇಳಿರಲಿಲ್ಲ. ಅಮ್ಮ ಪಟ್ಟಿ ನೋಡಿ ಸುಮ್ಮನಾದರು. ಆಮೇಲೆ, "ಇವರೆಲ್ಲ ಸೀರೆ ಹಿಡ್ಕೊಂಡೇ ನನ್ನ ಹತ್ರ ಬರ್ತಾರೆ ಕಣೇ. ಬ್ಲೌಸ್ ಪೀಸ್ ಕತ್ತರಿಸಿ ಕೊಟ್ಟು, ಅದೇ ಸೀರೆ ತಗೊಂಡು ಇನ್ನೊಂದು ಅಂಗಡಿಗೆ ಹೋಗ್ತಾರೆ" ಅಂದರು.

ಹಾಗಾದರೆ ಎಲ್ಲ ಶುರು ಮಾಡೋದೇ? ಇಲ್ಲೇ ನಾನು ಎಡವುತ್ತಿದ್ದೆ. ಜಾಸ್ತಿ ಜನ ಕೇಳಿದ್ದು ಫಾಲ್, ಅದನ್ನೇ ಮೊದಲು ಹಾಕೋಣ ಅಂದೆ. ಅಮ್ಮ ಒಂದೇ ಪ್ರಶ್ನೆ ಕೇಳಿದರು. "ಯಾರು ಕೂತು ಹಾಕೋದು? ನನ್ನ ಕೈ ಇರೋದು ಎರಡೇ."

ಆ ಪ್ರಶ್ನೆಯನ್ನೇ ಲೆಕ್ಕಕ್ಕೆ ಇಳಿಸಿದೆವು. ಲೈನಿಂಗ್ ಬ್ಲೌಸಿಗೆ ಅಮ್ಮ ತಗೊಳ್ತಿದ್ದದ್ದು 500. ಲೈನಿಂಗ್ ಬಟ್ಟೆ, ಹುಕ್ಕು, ದಾರ, ಹೆಮ್ಮಿಂಗ್ ಕೂಲಿ ಸೇರಿ 100 ಹೋದರೆ ಉಳಿಯೋದು 400. ಕಟಿಂಗ್, ಹೊಲಿಗೆ ಸೇರಿ ಅಮ್ಮನ ಎರಡು ಗಂಟೆ. ಅಂದರೆ ಅಮ್ಮನ ಒಂದು ಗಂಟೆಗೆ 200 ರೂಪಾಯಿ. ಫಾಲ್-ಜಿಗ್‌ಜಾಗ್‌ಗೆ ನಮ್ಮ ಏರಿಯಾದಲ್ಲಿ 120. ಫಾಲ್ ಬಟ್ಟೆಗೆ 40 ಹೋದರೆ ಉಳಿದದ್ದು 80. ಅದಕ್ಕೆ ಅಮ್ಮನೇ ಕೂತರೆ ನಲವತ್ತು ನಿಮಿಷ. ಗಂಟೆಗೆ 120 ಆಯ್ತು. ಅಂದರೆ ಫಾಲ್ ಹಾಕಿದಷ್ಟೂ ಅಮ್ಮ ಬ್ಲೌಸಿಗಿಂತ ಕಡಿಮೆ ದುಡೀತಾರೆ, ಕೈನೋವು ಮಾತ್ರ ಜಾಸ್ತಿ.

ಅದೇ ಫಾಲನ್ನು ಹೆಮ್ಮಿಂಗ್ ಹುಡುಗಿಗೆ ಒಂದಕ್ಕೆ 40 ರೂಪಾಯಿ ಕೂಲಿ ಕೊಟ್ಟು ಮಾಡಿಸಿದರೆ? ಅಂಗಡಿಗೆ ಉಳಿಯೋದು ಬರೀ 40. ಆದರೆ ಅಮ್ಮನ ಸಮಯ ಐದೇ ನಿಮಿಷ, ಬಣ್ಣ ಹೊಂದಿಸಿ ಕೊಡೋದು, ಕೊನೆಗೆ ಒಂದು ಸಲ ನೋಡೋದು. ಅಮ್ಮನ ಗಂಟೆಗೆ ಲೆಕ್ಕ ಹಾಕಿದರೆ 480! ಕೆಲಸ ಅದೇ, ರೇಟೂ ಅದೇ. ಯಾರ ಕೈ ಅನ್ನೋದರಲ್ಲೇ ವ್ಯತ್ಯಾಸ. ಆವತ್ತಿಂದ ಹೊಸದೇನೇ ಬಂದರೂ ನಮ್ಮ ಮನೆಯಲ್ಲಿ ಮೊದಲ ಪ್ರಶ್ನೆ ಇದೇ: ಇದಕ್ಕೆ ಅಮ್ಮನ ಕೈ ಎಷ್ಟು ನಿಮಿಷ ಬೇಕು?

ಈ ಜರಡಿಯಲ್ಲಿ ಆರಿ ವರ್ಕ್ ಬಿದ್ದುಹೋಯ್ತು. ಅದಕ್ಕೆ ಕಲಿತ ಕೈಯೇ ಬೇಕು, ಒಂದು ಬ್ಲೌಸಿಗೆ ದಿನಗಟ್ಟಲೆ ಹಿಡಿಯುತ್ತೆ, ಕೆಟ್ಟರೆ ಬಟ್ಟೆಯೂ ಹೋಯ್ತು, ಹೆಸರೂ ಹೋಯ್ತು. ಕೇಳಿದವರಿಗೆ ಆರಿ ಮಾಡೋರ ನಂಬರ್ ಕೊಟ್ಟು ಕಳಿಸ್ತೀವಿ. ಮಕ್ಕಳ ಲಂಗವೂ ಬೇಡ ಅಂತಾಯ್ತು, ಪೂರ್ತಿ ಅಮ್ಮನದೇ ಕೆಲಸ. ಉಳಿದ ನಾಲ್ಕರಲ್ಲಿ ಒಂದೊಂದನ್ನೇ, ತಿಂಗಳಿಗೊಂದರಂತೆ ಶುರು ಮಾಡಿದೆವು.

ಫಾಲ್ ಸುಲಭ ಅಂದ್ಕೊಂಡಿದ್ವಿ. ಮೊದಲ ತಿಂಗಳೇ ಎರಡು ಸೀರೆ ವಾಪಸ್ ಬಂದವು. ಒಂದು ಸಲ ಒಗೆದದ್ದೇ ಕೆಳಗಿನ ಅಂಚು ಪೂರ್ತಿ ಸುಕ್ಕುಸುಕ್ಕು. ಕಾರಣ ನಮ್ಮದೇ ಆತುರ. ಫಾಲ್ ಹತ್ತಿ ಬಟ್ಟೆ, ನೀರು ಬಿದ್ದ ತಕ್ಷಣ ಕುಗ್ಗುತ್ತೆ. ಹಾಕೋ ಮುಂಚೆ ಅರ್ಧ ಗಂಟೆ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿಟ್ಟುಕೊಂಡಿರಬೇಕು. ಈಗ ಭಾನುವಾರ ಬೆಳಗ್ಗೆ ಜಾಸ್ತಿ ಓಡೋ ಬಣ್ಣದ ಮೂವತ್ತು ಫಾಲ್ ಒಟ್ಟಿಗೆ ನೆನೆಹಾಕ್ತೀವಿ. ಆ ಎರಡು ಸೀರೆಗೆ ಕಾಸು ತಗೊಳ್ಳದೆ ಹೊಸ ಫಾಲ್ ಹಾಕಿಕೊಟ್ಟಾಯ್ತು.

ಕುಚ್ಚಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇದಕ್ಕೆ ಮಷಿನ್ನೇ ಬೇಡ. ಸೂಜಿ, ಕ್ರೋಶಾ ಕಡ್ಡಿ, ರೇಷ್ಮೆ ದಾರ, ಮಣಿ ಇದ್ದರೆ ಆಯ್ತು. ನಮ್ಮ ಹಿಂದಿನ ರಸ್ತೆಯ ಆಂಟಿಯೊಬ್ಬರು ಮೊದಲಿಂದಲೂ ಕುಚ್ಚು ಕಟ್ಟೋರು, ಆದರೆ ಅವರ ಮನೆ ಯಾರಿಗೂ ಗೊತ್ತಿರಲಿಲ್ಲ. ಅವರ ಹತ್ತಿರ ಎಂಟು ಡಿಸೈನನ್ನು ಒಂದೊಂದು ಅಂಗೈ ಅಗಲದ ಬಟ್ಟೆಗೆ ಕಟ್ಟಿಸಿ, ಒಂದು ರಟ್ಟಿಗೆ ಅಂಟಿಸಿ, ಕೆಳಗೆ ರೇಟ್ ಬರೆದು ಅಂಗಡಿಯಲ್ಲಿ ನೇತುಹಾಕಿದೆವು. ಫೋನಲ್ಲಿ ಫೋಟೋ ತೋರಿಸಿ ಇದೇ ಥರ ಬೇಕು ಅಂತ ಬರೋರ ಜೊತೆ ಆಗ್ತಿದ್ದ ಜಗಳ ಇದರಿಂದಲೇ ನಿಂತಿದ್ದು. ರಟ್ಟಿನಲ್ಲಿ ಇರೋದು ಮಾತ್ರ, ಇಲ್ಲದ್ದು ಇಲ್ಲ.

ನಡುಮಟ್ಟದ ಡಿಸೈನಿಗೆ ಗಿರಾಕಿ ಕೊಡೋದು 450. ಆಂಟಿಗೆ 250, ದಾರ-ಮಣಿಗೆ 60, ನಮಗೆ 140. ಬಾಕಿ ಇಡಲ್ಲ, ಪ್ರತಿ ಶನಿವಾರ ಸಂಜೆ ಆಂಟಿ ಲೆಕ್ಕ ಚುಕ್ತಾ. ಅಮ್ಮನ ಕೆಲಸ ಸೀರೆ ತಗೊಳ್ಳುವಾಗ ಐದು ನಿಮಿಷ, ಕೊಡುವಾಗ ಐದು ನಿಮಿಷ. ತಗೊಳ್ಳುವಾಗ ಸೆರಗಿನ ತುದಿ ನೋಡಬೇಕು. ಕೈಮಗ್ಗದ ರೇಷ್ಮೆ ಸೀರೆಯಲ್ಲಿ ತುದಿಗೆ ಎಳೆಗಳು ಬಿಟ್ಟಿರುತ್ತವೆ, ಅದನ್ನೇ ಹಿಡಿದು ಗಂಟು ಹಾಕಬಹುದು. ಎಳೆ ಇಲ್ಲದೆ ಕತ್ತರಿಸಿದ ಅಂಚಾದರೆ ಮೊದಲು ಮಡಚಿ ಹೊಲಿದು ಆಮೇಲೆ ಸೂಜಿಯಲ್ಲಿ ಕಟ್ಟಬೇಕು, ಅದಕ್ಕೆ ರೇಟೂ ಬೇರೆ. ಇದನ್ನು ಮೊದಲೇ ಹೇಳದೆ ಕೊನೆಗೆ 50 ರೂಪಾಯಿ ಜಾಸ್ತಿ ಕೇಳಿದರೆ ಯಾರಿಗೂ ಇಷ್ಟ ಆಗಲ್ಲ.

ಇನ್ನೊಂದು, ದಾರದ ಬಣ್ಣ. ಕಡುಗೆಂಪು, ಕಡುನೀಲಿ ದಾರ ಕೆಲವು ನೀರು ತಾಗಿದರೆ ಬಣ್ಣ ಬಿಡ್ತವೆ. ಕೆನೆಬಣ್ಣದ ಸೆರಗಿಗೆ ಕೆಂಪು ಕುಚ್ಚು ಕಟ್ಟಿ, ಮದುವೆಮನೇಲಿ ಯಾರೋ ಪಾನಕ ಚೆಲ್ಲಿ ಒರೆಸಿದರೆ ಮುಗೀತು ಕಥೆ. ಹೊಸ ದಾರದ ಉಂಡೆ ಬಂದಾಗ ಒಂದು ಗೇಣು ಕತ್ತರಿಸಿ, ಒದ್ದೆ ಬಿಳಿ ಬಟ್ಟೆಯ ನಡುವೆ ಇಟ್ಟು ಗಟ್ಟಿಯಾಗಿ ಒತ್ತಿ, ಹತ್ತು ನಿಮಿಷ ಬಿಟ್ಟು ನೋಡ್ತೀವಿ. ಬಿಳಿಯಲ್ಲಿ ಬಣ್ಣ ಕಂಡರೆ ಆ ಉಂಡೆ ಅಂಗಡಿಗೆ ವಾಪಸ್.

ಆದರೂ ಏಪ್ರಿಲ್‌ನಲ್ಲಿ ಎಡವಿದೆವು. ಒಂದೇ ವಾರ ಒಂಬತ್ತು ಸೀರೆ ತಗೊಂಡುಬಿಟ್ಟಿದ್ದರು ಅಮ್ಮ. ಯಾರಿಗೂ ಇಲ್ಲ ಅನ್ನೋಕೆ ಮನಸ್ಸಾಗಲಿಲ್ಲವಂತೆ. ಆಂಟಿಗೆ ಆ ವಾರ ಜ್ವರ. ಒಂದು ಸೀರೆ ಧಾರೆಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಮುಗೀತು, ಗಿರಾಕಿ ಬಾಗಿಲಲ್ಲೇ ನಿಂತಿದ್ದರು. ನಾನು ಬೆಂಗಳೂರಿಂದ ಫೋನಲ್ಲಿ ಸಮಾಧಾನ ಹೇಳೋದು ಬಿಟ್ಟು ಇನ್ನೇನೂ ಮಾಡೋ ಹಾಗಿರಲಿಲ್ಲ. ಈಗ ಆಂಟಿಗೆ ವಾರಕ್ಕೆ ಐದೇ ಸೀರೆ. ಐದಾದ ಮೇಲೆ 'ಈ ವಾರದ ಕುಚ್ಚು ಭರ್ತಿ' ಅಂತ ಬೋರ್ಡ್ ತಿರುಗಿಸ್ತಾರೆ. ಜೂನ್‌ನಿಂದ ಇನ್ನೊಬ್ಬರು ಕಟ್ಟೋರು ಸಿಕ್ಕಿದ್ದಾರೆ, ಅವರಿಗೆ ಮೂರು. ಸೀರೆ ಅಂಗಡಿಯಿಂದ ಆಚೆ ಹೋಗೋದರಿಂದ, ಹೋಗುವಾಗಲೇ ಸೆರಗು, ಅಂಚು, ಎಲ್ಲಾದರೂ ಹಳೇ ಕಲೆ-ಹರಕು ಇದ್ದರೆ ಅದರ ಫೋಟೋ ತೆಗೆದು ಗಿರಾಕಿಯ ವಾಟ್ಸ್‌ಆ್ಯಪ್‌ಗೆ ಕಳಿಸೋ ಅಭ್ಯಾಸವೂ ಆಗಿದೆ.

ಇನ್ನು ನೆರಿಗೆ ಹಿಡಿಯೋ ಕೆಲಸ. ಪುಸ್ತಕದಲ್ಲಿ ನಾಲ್ಕೇ ಸಾಲು ಇದ್ದದ್ದು, ಬಿಟ್ಟುಬಿಡೋಣ ಅಂದೆ. ಅಮ್ಮ ಬಿಡಲಿಲ್ಲ. "ನಾಲ್ಕೂ ಜನ ಮದುವೆ ಮನೆಯವರು ಕಣೇ, ಒಬ್ಬೊಬ್ಬರ ಹತ್ರ ಐದು ಸೀರೆ ಇತ್ತು" ಅಂದರು. ಬರೀ ಎಣಿಕೆ ನಂಬಿದ್ದರೆ ಇದು ಕೈತಪ್ಪಿಹೋಗ್ತಿತ್ತು.

ನಿಮ್ಮಲ್ಲಿ ಸೀರೆ ಉಡೋಕೆ ಬಾರದೆ ಆಫೀಸಿನ ಎಥ್ನಿಕ್ ಡೇಗೆ ಅಕ್ಕನಿಗೋ ಅತ್ತೆಗೋ ಕಾದವರಿಗೆ ಇದೇನೂಂತ ಹೇಳಬೇಕಾಗಿಲ್ಲ. ಸೊಂಟದ ಸುತ್ತಳತೆ, ಎತ್ತರ, ಸೆರಗು ಎಷ್ಟು ಉದ್ದ ಬೇಕು ಅಂತ ಕೇಳಿ ಬರೆದುಕೊಂಡು, ಮುಂದಿನ ನೆರಿಗೆ, ಭುಜದ ನೆರಿಗೆ ಎರಡನ್ನೂ ಹಿಡಿದು, ಕ್ಲಿಪ್ ಹಾಕಿ, ಇಸ್ತ್ರಿ ಮಾಡಿ, ಡಬ್ಬಿಯ ಹಾಗೆ ಮಡಚಿ ಕೊಡೋದು. ಬೆಳಗ್ಗೆ ಎದ್ದು ಸುತ್ತಿಕೊಂಡು ಪಿನ್ ಹಾಕಿದರೆ ಆಯ್ತು. ಇದಕ್ಕೆ ಬೇಕಾಗಿದ್ದು ಒಂದು ಸ್ಟೀಮ್ ಇಸ್ತ್ರಿ ಪೆಟ್ಟಿಗೆ, ಕ್ಲಿಪ್ಪು, ಟೇಬಲ್ ಮೇಲೆ ಹಾಸೋಕೆ ದಪ್ಪ ಕಂಬಳಿ. ಹೆಮ್ಮಿಂಗ್ ಹುಡುಗಿ ನಮ್ಮ ಮನೆಯ ಬೀರುವಿನ ಎಂಟು ಸೀರೆ ಮೇಲೆ ಕಲಿತಳು. ಆಮೇಲೇ ಬೋರ್ಡ್ ಹಾಕಿದ್ದು. ಸೀರೆಗೆ 300, ಹುಡುಗಿಗೆ 100, ಕರೆಂಟು-ಪಿನ್ನಿಗೆ 20, ಉಳಿಕೆ 180.

ಕಾಂಚೀಪುರಂ ಥರದ ದಪ್ಪ ರೇಷ್ಮೆಯಲ್ಲಿ ನೆರಿಗೆ ಚೆನ್ನಾಗಿ ಕೂರುತ್ತೆ. ಮೈಸೂರು ಸಿಲ್ಕ್ ಕ್ರೇಪ್ ಜಾರುತ್ತೆ, ಎಷ್ಟೇ ಒತ್ತಿದರೂ ಗೆರೆ ನಿಲ್ಲಲ್ಲ. ಅದನ್ನು ಗಿರಾಕಿಗೆ ಮೊದಲೇ ಹೇಳ್ತೀವಿ. ನಮಗೆ ಪೆಟ್ಟು ಕೊಟ್ಟಿದ್ದು ಟಿಶ್ಯೂ ಸೀರೆ. ಈಗಿನ ಅಗ್ಗದ ಜರಿಯಲ್ಲಿ ಎಷ್ಟೋ ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ್ದು, ಬಿಸಿ ಜಾಸ್ತಿಯಾದರೆ ಮುದುಡಿಕೊಳ್ಳುತ್ತೆ. ಹುಡುಗಿ ರೇಷ್ಮೆಗೆ ಇಟ್ಟಿದ್ದ ಬಿಸಿಯಲ್ಲೇ ಟಿಶ್ಯೂ ಮೇಲೆ ಪೆಟ್ಟಿಗೆ ಇಟ್ಟಳು. ಅಂಚು ಕೆಂಡಕ್ಕೆ ಬಿದ್ದ ಹಪ್ಪಳದ ಹಾಗಾಯ್ತು. ಅವಳು ಅತ್ತುಬಿಟ್ಟಳು. ಅಮ್ಮ ಗಿರಾಕಿಗೆ ಸೀರೆಯ ಬೆಲೆ 2,800 ಕೊಟ್ಟು, ಕ್ಷಮೆ ಕೇಳಿ ಕಳಿಸಿದರು. ಹದಿನೈದು-ಹದಿನಾರು ಸೀರೆ ಮಡಚಿ ಉಳಿಸಿದ್ದು ಒಂದೇ ಸಲ ಹೋಯ್ತು. ಆ ದುಡ್ಡನ್ನು ಹುಡುಗಿಯ ಕೂಲಿಯಲ್ಲಿ ಹಿಡಿಯೋದು ಬೇಡ ಅಂತ ಅಮ್ಮನೇ ಹೇಳಿದರು. ಸರಿಯೇ ಅನ್ನಿಸಿತು. ಬಿಸಿ ಎಷ್ಟಿಡಬೇಕು ಅಂತ ಅವಳಿಗೆ ನಾವು ಹೇಳಿಕೊಟ್ಟಿರಲಿಲ್ಲ.

ಈಗ ಯಾವ ಸೀರೆ ಬಂದರೂ ಮೊದಲು ಒಳಸುತ್ತಿನ ತುದಿ, ಅಂದರೆ ಸೊಂಟದೊಳಗೆ ಸಿಕ್ಕಿಸಿ ಯಾರಿಗೂ ಕಾಣದ ಜಾಗದಲ್ಲಿ, ಕಡಿಮೆ ಬಿಸಿಯಲ್ಲಿ, ತೆಳು ಹತ್ತಿ ಬಟ್ಟೆ ಮೇಲೆ ಹಾಸಿ ಮೂರು ಸೆಕೆಂಡ್ ಒತ್ತಿ ನೋಡೋದು. ಅಲ್ಲಿ ಜರಿ ಸ್ವಲ್ಪ ಸೊಟ್ಟಗಾದರೂ ಇಸ್ತ್ರಿ ಇಲ್ಲ, ಬರೀ ಕ್ಲಿಪ್ ಹಾಕಿ ಕೊಡೋದು, ಅರ್ಧ ದುಡ್ಡು. ತುಂಬಾ ಹಳೇ ರೇಷ್ಮೆ, ಅಜ್ಜಿಯ ಧಾರೆ ಸೀರೆ ಅಂತ ತಂದರೆ ತಗೊಳ್ಳೋದೇ ಇಲ್ಲ, ಮಡಿಕೆಯಲ್ಲೇ ಬಿರಿಯೋ ಭಯ. ಮಡಚಿದ ಸೀರೆ ತಿಂಗಳುಗಟ್ಟಲೆ ಹಾಗೇ ಇಡಬೇಡಿ, ಫಂಕ್ಷನ್ ಮುಗಿದ ಮೇಲೆ ಬಿಡಿಸಿ ಗಾಳಿಗೆ ಹಾಕಿ ಅಂತ ಕವರ್ ಮೇಲೆ ಬರೆದಿರುತ್ತೆ.

ಆಲ್ಟರೇಷನ್ ಬಗ್ಗೆ ಹೇಳೋಕೆ ಹೆಚ್ಚಿಲ್ಲ. ಕುರ್ತಾದ ತೋಳು, ಪ್ಯಾಂಟಿನ ಉದ್ದ, ಸೈಡ್ ಹಿಡಿಯೋದು. ಸರಾಸರಿ 70 ರೂಪಾಯಿ, ಹುಡುಗಿಗೆ 30. ಕಷ್ಟ ಅಂದ್ರೆ 'ಎರಡೇ ನಿಮಿಷ ಆಂಟಿ, ಈಗಲೇ ಮಾಡಿಕೊಡಿ' ಅಂತ ನಿಲ್ಲೋರು. ಅಮ್ಮ ಬ್ಲೌಸಿನ ಕತ್ತು ತಿರುಗಿಸ್ತಿರುವಾಗ ಎಬ್ಬಿಸಿದರೆ ಆ ಕತ್ತೂ ಹಾಳು. ಹಾಗಾಗಿ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮಾತ್ರ.

ಈಗ ಲೆಕ್ಕ. ವೈಶಾಖದ ಜೋರು ತಿಂಗಳಲ್ಲಿ ಫಾಲ್ 48, ಕುಚ್ಚು 21, ನೆರಿಗೆ 14, ಆಲ್ಟರೇಷನ್ 36. ಕೂಲಿ, ಸಾಮಾನು ಕಳೆದು ಉಳಿದದ್ದು 8,820. ಕೇಳೋಕೆ ಚೆಂದ. ಆದರೆ ಅಮ್ಮ ನೋಡಿ-ಒಪ್ಪಿಸಿದ ಸಮಯ ಎಲ್ಲ ಕೂಡಿಸಿದರೆ ಹದಿಮೂರು ಗಂಟೆ ಚಿಲ್ಲರೆ. ಗಂಟೆಗೆ 200ರ ಹಾಗೆ ಅದು 2,600. ಅದನ್ನು ಕಳೆದರೆ ನಿಜವಾದ ಲಾಭ ಆರು ಸಾವಿರದ ಆಸುಪಾಸು. ಆಷಾಢದಲ್ಲಿ ಫಾಲ್ 15ಕ್ಕೆ ಇಳೀತು, ಕುಚ್ಚು ನಾಲ್ಕು, ನೆರಿಗೆ ಒಂದೇ ಒಂದು. ಆಲ್ಟರೇಷನ್ ಮಾತ್ರ 38, ಇಳಿಯಲೇ ಇಲ್ಲ. ಆಫೀಸು-ಕಾಲೇಜಿಗೆ ಹಾಕೋ ಬಟ್ಟೆಗೆ ಮುಹೂರ್ತ ಬೇಕಾಗಿಲ್ಲವಲ್ಲ! ಆ ತಿಂಗಳ ಒಟ್ಟು ಉಳಿಕೆ 2,860. ಎಂಬ್ರಾಯ್ಡರಿ ಮಷಿನ್ ತಂದಿದ್ದರೆ ಅದೇ ತಿಂಗಳು ಬ್ಯಾಂಕಿಗೆ 13,350 ಕಟ್ಟಬೇಕಿತ್ತು. ನಾಲ್ಕೂ ಕೆಲಸ ಶುರು ಮಾಡೋಕೆ ನಾವು ಹಾಕಿದ್ದು ಇಸ್ತ್ರಿ ಪೆಟ್ಟಿಗೆ, ದಾರದ ಡಬ್ಬಿ, ಬೋರ್ಡು ಎಲ್ಲ ಸೇರಿ 5,300. ಸುಟ್ಟ ಸೀರೆಯ 2,800 ಬೇರೆ.

ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳೂ ಇದ್ದಾರೆ, ಉಪಕರಣಕ್ಕೆ 15,000 ರೂಪಾಯಿವರೆಗೆ ವೋಚರ್ ಇದೆ. ನಮಗೆ ಗೊತ್ತಾಗುವಷ್ಟರಲ್ಲಿ ಸಾಮಾನು ತಂದಾಗಿತ್ತು. ನಿಮ್ಮ ಮನೆಯಲ್ಲಿ ಹೊಲಿಯೋರಿದ್ದರೆ ಮೊದಲೇ ವಿಚಾರಿಸಿ.

ನಾನು ಎಣಿಸದೇ ಇದ್ದ ಒಂದು ಸಂಗತಿಯೂ ನಡೀತು. ಫಾಲ್‌ಗೆ ಬಂದವರು ಬ್ಲೌಸನ್ನೂ ಇಲ್ಲೇ ಕೊಡೋಕೆ ಶುರು ಮಾಡಿದರು. ಅಮ್ಮ ಹೊಲಿಯೋದು ಎಪ್ಪತ್ತೇ. ಹಾಗಾಗಿ ಹತ್ತು ದಿನದಲ್ಲಿ ಕೊಡ್ತಿದ್ದದ್ದು ಹದಿನೆಂಟು ದಿನ ಆಯ್ತು. "ರೇಟ್ ಏರಿಸಮ್ಮ" ಅಂದೆ. ಹಳೇ ಗಿರಾಕಿಗಳು ಬೇಜಾರು ಮಾಡ್ಕೋತಾರೆ ಅಂತ ಎರಡು ತಿಂಗಳು ಎಳೆದಾಡಿ, ಶ್ರಾವಣಕ್ಕೆ 550 ಮಾಡಿದರು. ಇಬ್ಬರು ಬಿಟ್ಟುಹೋದರು. ಎಪ್ಪತ್ತು ಬ್ಲೌಸಿಗೆ ಐವತ್ತರ ಹಾಗೆ 3,500, ಅಮ್ಮನ ಕೈ ಒಂದು ನಿಮಿಷವೂ ಜಾಸ್ತಿ ದುಡಿಯದೆ.

ಹೋದ ಭಾನುವಾರ ಹೋದಾಗ ಮಾವನೂ ಬಂದಿದ್ದರು. ಕೊಟೇಶನ್ ಏನಾಯ್ತು ಅಕ್ಕಾ ಅಂದರು. ಅಮ್ಮ ಮಾತಾಡಲಿಲ್ಲ, 'ಇಲ್ಲ ಪುಸ್ತಕ' ತೆಗೆದು ಮುಂದಿಟ್ಟರು. ಈಗ ಅದು ಎರಡನೇ ನೋಟ್‌ಬುಕ್. ಅದರಲ್ಲಿ ಸ್ಕೂಲ್ ಡೇಗೆ ಮಕ್ಕಳ ಡ್ರೆಸ್ ಬಾಡಿಗೆಗೆ ಕೊಡ್ತೀರಾ ಅಂತ ಕೇಳಿದವರು ಒಂಬತ್ತು ಜನ. ಮಾವನ ಕಣ್ಣು ಅರಳಿತು. ಅಮ್ಮ ಆ ಸಾಲುಗಳ ಪಕ್ಕ ಆಗಲೇ ಪೆನ್ಸಿಲ್‌ನಲ್ಲಿ ಬರೆದಿದ್ದರು: 'ಮೊದಲೇ ಬಟ್ಟೆ ಕೊಂಡಿಡಬೇಕು, ಎಲ್ಲ ಶಾಲೆಗೂ ಒಂದೇ ತಿಂಗಳು, ಒಗೆಯೋರು ಯಾರು?'